ನನ್ನ ಆಪರೇಷನ್ ಚೆನ್ನಾಗಿ ಆಯಿತಂತೆ

ಮಗನೇ,

ನನಗೆ ಆಪರೇಷನ್ ಆಗಿದ್ದು ನಿನ್ನೆ ತಿಳಿಯಿತು. ದೋಸೆ ಹುಯ್ಯುತ್ತಿದ್ದೆ, ನಿನ್ನ ದೊಡ್ಡಮ್ಮ ಎಳನೀರು ಹಿಡಿದು ಬಂದಳು.

“ಇಷ್ಟು ಬೇಗ ಎದ್ದುಬಿಟ್ಟೆಯೇನೇ?”

“ಎದ್ದೆನಾ? ಮಲಗಿದ್ದು ಯಾವಾಗ ಅಕ್ಕ?”

“ಮತ್ತೆ ನಿನ್ನ ಹೊಟ್ಟೆ ಆಪರೇಷನ್ನಿಗೆ ಅಂತ ನಿನ್ನ ಮಗ 32 ಸಾವಿರ ಇಸ್ಕೊಂಡನಲ್ಲ!”

ಸೋದರಮಾವನಿಗೆ ಫೋನ್ ಮಾಡಿದರೆ ಅಲ್ಲಿ ನಿನ್ನ ಲ್ಯಾಪ್‌ಟಾಪ್ ಕೆಟ್ಟಿದೆ. ಅತ್ತೆ ಮನೆಯಲ್ಲಿ ಸೈಟಿಗೆ ಅಡ್ವಾನ್ಸ್. ಕಥೆ ಬರೆದಿದ್ದರೆ ಪ್ರಶಸ್ತಿಯಾದರೂ ಬರುತ್ತಿತ್ತು.

ಕೊನೆಗೆ ಬೆಟ್ಟಿಂಗ್ ಅಂತ ಒಪ್ಪಿಕೊಂಡು “ಅರ್ಧ ಮ್ಯಾಚ್ ಗೆಲ್ತೀನಮ್ಮ” ಅಂದೆಯಲ್ಲ, ಲೆಕ್ಕ ಹಾಕಿದೆ. ನೀನು ಸಾವಿರ ಕಟ್ಟಿ ಗೆದ್ದರೆ ನಿನ್ನ ಬುಕ್ಕಿ ಅದರ ಮೇಲೆ 900 ಕೊಡುತ್ತಾನೆ, ಸೋತರೆ ಸಾವಿರವೂ ನುಂಗುತ್ತಾನೆ. ಹತ್ತರಲ್ಲಿ ಐದು ಗೆದ್ದರೆ ಬಂದದ್ದು 4,500, ಹೋದದ್ದು 5,000. ಆರ್‌ಸಿಬಿ ಗೆಲ್ಲಲಿ ಸೋಲಲಿ, ಅವನ 500 ಅವನಿಗೆ.

“ದುಪ್ಪಟ್ಟು ಕಟ್ಟಿದರೆ ಒಂದೇ ಗೆಲುವಿಗೆ ಎಲ್ಲಾ ವಾಪಸ್” ಅಂದೆ. ಸಾವಿರ, ಎರಡು, ನಾಲ್ಕು, ಎಂಟು, ಹದಿನಾರು ಸಾವಿರ. ಸತತ ಐದು ಸೋಲಿಗೆ 31 ಸಾವಿರ ಮುಳುಗಿತು. ಆರನೆಯದಕ್ಕೆ 32 ಬೇಕಾದಾಗ ನನ್ನ ಹೊಟ್ಟೆ ಕೊಯ್ಸಿದೆ.

ಈ ಸಾಲ ನಾನು ತೀರಿಸುವುದಿಲ್ಲ. ಸಂಬಳ ಬಂದ ದಿನವೇ ದೊಡ್ಡಮ್ಮನ ಮನೆಗೆ ಹೋಗಿ, ಮೊದಲು ನಿಜ ಹೇಳು, ಆಮೇಲೆ ಕಂತು ಕೊಡು.

ನಿನ್ನ ಅಮ್ಮ