ಕಳಿಸುವ ಮುನ್ನ ಮೂರ್ತಿಗಳು

ಮಧ್ಯಾಹ್ನದ ಹೊತ್ತು ನಮ್ಮ ಮೂರ್ತಿಗಳು ಕಂಪ್ಯೂಟರ್ ಮುಂದೆ ಕದಲದೆ ಕೂತಿದ್ದರೆ ಹೊಸಬರು ‘ಪಾಪ, ಊಟ ಜೋರಾಗಿರಬೇಕು’ ಅಂದುಕೊಳ್ಳುತ್ತಾರೆ. ಹಳಬರಿಗೆ ವಿಷಯ ಗೊತ್ತು. ಯಾರದೋ ರಿಪೋರ್ಟಿನಲ್ಲಿ ಅವರ ಕಣ್ಣಿಗೆ ತಪ್ಪು ಬಿದ್ದಿದೆ, ಅದನ್ನು ತಿಳಿಸುವ ಮೇಲ್ ತಯಾರಾಗುತ್ತಿದೆ. ಆರೇಳು ಸಾಲಿಗೆ ಮುಕ್ಕಾಲು ಗಂಟೆ. ಹುಡುಗಿ ನೋಡಲು ಹೋದ ಮನೆಯಲ್ಲಿ ವರದಕ್ಷಿಣೆಯ ಮಾತೆತ್ತುವವರೂ ಇಷ್ಟು ಅಳೆದು ಸುರಿದು ಮಾತಾಡಿದ್ದನ್ನು ನಾನು ಕಂಡಿಲ್ಲ.

ನಮ್ಮದು ಪಟ್ಟಣಗಳ ಕುಡಿಯುವ ನೀರಿನ ಯೋಜನೆಗಳಿಗೆ ವರದಿ ಬರೆದುಕೊಡುವ ಕಚೇರಿ. ವರದಿ ಅಂದಮೇಲೆ ತಪ್ಪು ಇದ್ದದ್ದೇ, ತಪ್ಪು ಹಿಡಿಯುವವರಿಗೂ ಬರವಿಲ್ಲ. ಸುಬ್ಬಣ್ಣನವರಿದ್ದಾರಲ್ಲ, ಅವರು ಈ ಕೆಲಸವನ್ನು ಎರಡೇ ನಿಮಿಷದಲ್ಲಿ ಮುಗಿಸುತ್ತಾರೆ. ‘ವರದಿ ನೋಡಿದೆ. ಬಹಳ ತಪ್ಪುಗಳಿವೆ. ಇನ್ನಾದರೂ ಗಮನವಿಟ್ಟು ಮಾಡಿ.’ ಯಾವ ಪುಟ, ಯಾವ ತಪ್ಪು, ಸುಳಿವಿಲ್ಲ. ಸಿಸಿಯಲ್ಲಿ ಮಾತ್ರ ಡೈರೆಕ್ಟರು, ಅಕೌಂಟ್ಸು, ಅಡ್ಮಿನ್ನು ಎಲ್ಲರೂ ಹಾಜರು. ವಾಚ್‌ಮನ್‌ಗೆ ಮೇಲ್ ಐಡಿ ಇಲ್ಲದ್ದರಿಂದ ಅವನೊಬ್ಬ ಬಚಾವ್. ಇಂಥ ಮೇಲ್ ಬಂದವನು ವರದಿಯ ಕಡೆ ತಲೆ ಹಾಕುವುದೇ ಇಲ್ಲ. ಸುಬ್ಬಣ್ಣನವರ ಹೋದ ವರ್ಷದ ವರದಿಯನ್ನು ಹುಡುಕಿ ತೆಗೆದು, ಅದರಲ್ಲಿ ಎಷ್ಟು ತಪ್ಪಿತ್ತೆಂದು ಎಣಿಸುತ್ತ ಕೂರುತ್ತಾನೆ. ಸಂಜೆಯ ಹೊತ್ತಿಗೆ ಎರಡು ವರದಿಗಳ ತಪ್ಪುಗಳೂ ಇಡೀ ಆಫೀಸಿಗೆ ಬಾಯಿಪಾಠ. ತಿದ್ದಿದ್ದು ಒಂದೂ ಇಲ್ಲ.

ಮೊನ್ನೆ ಗಿರೀಶನ ವರದಿ ಬಂತು. ಹೊಸ ಹುಡುಗ, ಚುರುಕು. ಪಟ್ಟಣದ ಜನಸಂಖ್ಯೆ 40,000. ಒಳಚರಂಡಿ ಇರುವ ಪಟ್ಟಣಕ್ಕೆ ತಲೆಗೆ ದಿನಕ್ಕೆ 135 ಲೀಟರ್ ಎಂಬುದು ಕೇಂದ್ರದ ಕೈಪಿಡಿಯ ಲೆಕ್ಕ. ಗುಣಿಸಿದರೆ 54 ಲಕ್ಷ ಲೀಟರ್. ಹುಡುಗ ಅಲ್ಲಿಯವರೆಗೂ ಸರಿಯಾಗಿಯೇ ಬಂದಿದ್ದ. ಆಮೇಲೆ ‘54 ಎಂಎಲ್‌ಡಿ’ ಎಂದು ಬರೆದುಬಿಟ್ಟಿದ್ದ. ಎಂಎಲ್‌ಡಿ ಅಂದರೆ ದಿನಕ್ಕೆ ದಶಲಕ್ಷ ಲೀಟರ್. ಬರಬೇಕಾದದ್ದು 5.4. ಲಕ್ಷದಲ್ಲಿ ಎಣಿಸಿ ಮಿಲಿಯನ್‌ನಲ್ಲಿ ಬರೆಯುವ ನಮ್ಮಂಥವರ ಕೈಯಲ್ಲಿ ಆ ಚುಕ್ಕೆ ಆಗಾಗ ಜಾರುತ್ತಲೇ ಇರುತ್ತದೆ. ಈ ಸಲ ಜಾರಿದ್ದು ಪಂಪು, ಪೈಪು, ಟ್ಯಾಂಕಿನ ಗಾತ್ರಗಳನ್ನೆಲ್ಲ ಜೊತೆಗೆ ಎಳೆದುಕೊಂಡು ಹೋಗಿತ್ತು.

ಸುಬ್ಬಣ್ಣನವರ ಕಣ್ಣಿಗೆ ಬಿದ್ದಿದ್ದರೆ ‘ಇದೇನಪ್ಪಾ, ಊರಿಗೆ ನೀರು ಕೊಡೋದೋ, ಊರನ್ನೇ ಮುಳುಗಿಸೋದೋ?’ ಎಂದು ಬರೆದಿರುತ್ತಿದ್ದರು. ಚೆನ್ನಾದ ಮಾತೇ. ಎದುರಿಗೆ ಕೂತು ಹೇಳಿದರೆ ಗಿರೀಶನೂ ನಗುತ್ತಿದ್ದ. ಆದರೆ ಮೇಲ್‌ನಲ್ಲಿ ಹೇಳಿದವರ ಮುಖ ಹೋಗುವುದಿಲ್ಲ, ಮಾತೊಂದೇ ಹೋಗುತ್ತದೆ. ರಾತ್ರಿ ಹನ್ನೊಂದಕ್ಕೆ ಒಬ್ಬನೇ ಕೂತು ಫೋನಿನಲ್ಲಿ ಓದುವವನಿಗೆ ಅದರಲ್ಲಿ ನಗು ಕಾಣುವುದಿಲ್ಲ. ಮೂರ್ತಿಗಳು ಮೇಲ್‌ನಲ್ಲಿ ತಮಾಷೆ ಮಾಡದಿರುವುದು ಇದಕ್ಕೇ. ಕ್ಯಾಂಟೀನಿನಲ್ಲಿ ಅವರ ಬಾಯಿ ಮುಚ್ಚಿಸಲಾಗದು, ಅದು ಬೇರೆ ಮಾತು.

ಅವರು ಮೊದಲು ಮಾಡುವ ಕೆಲಸ, ‘ಟು’ ಜಾಗವನ್ನು ಖಾಲಿ ಬಿಡುವುದು. ಬೆರಳು ತಪ್ಪಿ ಅರ್ಧ ಬರೆದ ಮೇಲ್ ಹೊರಟುಬಿಟ್ಟರೆ? ಸಿಸಿಯಂತೂ ಯಾವತ್ತೂ ಖಾಲಿ. ಆಮೇಲೆ ವಿಷಯದ ಸಾಲು. ‘ವರದಿಯಲ್ಲಿನ ದೋಷಗಳು’ ಎಂದು ಬರೆದು ಅಳಿಸಿದರು. ‘ಒಂದು ಸಣ್ಣ ಅನುಮಾನ’ ಎಂದು ಬರೆದು ಅದನ್ನೂ ಅಳಿಸಿದರು. ಹಿಂದೆ ನಿಂತಿದ್ದ ನಾನು, ‘ಇದು ಮೆತ್ತಗೆ ಇದೆಯಲ್ಲ ಸರ್, ಇರಲಿ ಬಿಡಿ’ ಅಂದೆ.

‘ಅನುಮಾನ ಎಲ್ರೀ ಇದೆ ನನಗೆ? ತಪ್ಪು ಅಂತ ಖಾತ್ರಿ ಇದೆ. ಗೊತ್ತಿದ್ದೂ ಗೊತ್ತಿಲ್ಲದವನ ಹಾಗೆ ನಟಿಸಿದರೆ ಆ ಹುಡುಗನಿಗೆ ತಿಳಿಯಲ್ವಾ? ನಿಜವಾಗಿ ಅನುಮಾನ ಇದ್ದ ಕಡೆ ಕೇಳ್ತೀನಿ.’

ಕೊನೆಗೆ ನಿಂತದ್ದು ‘4ನೇ ಪುಟದ ಕೋಷ್ಟಕ: ಸೋಮವಾರದ ಒಳಗೆ’ ಎಂಬ ಸಾಲು. ಸೋಮವಾರ ವರದಿ ಇಲಾಖೆಗೆ ಹೋಗಬೇಕಿತ್ತು. ಅವತ್ತು ಗುರುವಾರ. ಶುಕ್ರವಾರ ಸಂಜೆ ಕಳಿಸಿದರೆ ಹುಡುಗನ ಭಾನುವಾರ ಹಾಳಾಗುತ್ತದೆ ಎಂಬ ಲೆಕ್ಕವೂ ಅದರೊಳಗಿತ್ತು.

‘ದಯವಿಟ್ಟು ಅನ್ಯಥಾ ಭಾವಿಸಬೇಡಿ’ ಅಂತ ಶುರು ಮಾಡಬಹುದಲ್ಲ ಎಂದು ನಾನು ಇನ್ನೊಂದು ಸಲಹೆ ಕೊಟ್ಟೆ. ಮೂರ್ತಿಗಳು ಕನ್ನಡಕದ ಮೇಲಿಂದ ನೋಡಿದರು. ಅದನ್ನು ಓದಿದ ಕ್ಷಣವೇ ಮನುಷ್ಯ ಅನ್ಯಥಾ ಭಾವಿಸಲು ಸೊಂಟ ಕಟ್ಟಿ ನಿಲ್ಲುತ್ತಾನಂತೆ. ನಾನು ಸುಮ್ಮನಾದೆ.

ಹೋದ ಮೇಲ್ ಇದು:

‘ಗಿರೀಶ್, ವರದಿ ಪೂರ್ತಿ ಓದಿದೆ. 4ನೇ ಪುಟದಲ್ಲಿ 40,000 ಜನಕ್ಕೆ 135 ಲೀಟರಿನಂತೆ ಗುಣಿಸಿದರೆ ನನಗೆ 54 ಲಕ್ಷ ಲೀಟರ್, ಅಂದರೆ 5.4 ಎಂಎಲ್‌ಡಿ ಬಂತು. ಕೋಷ್ಟಕದಲ್ಲಿ 54 ಇದೆ. ಲಕ್ಷದಿಂದ ಮಿಲಿಯನ್‌ಗೆ ಬರುವಾಗ ಚುಕ್ಕೆ ಜರುಗಿರಬೇಕು. 9ನೇ ಪುಟದ ಪಂಪು, ಟ್ಯಾಂಕಿನ ಲೆಕ್ಕವೂ ಇದರ ಮೇಲೇ ನಿಂತಿದೆ, ಸಾರಾಂಶದಲ್ಲೂ ಇದೇ ಅಂಕಿ ಇದೆ. ಮೂರೂ ಕಡೆ ಒಟ್ಟಿಗೆ ತಿದ್ದಬೇಕಾಗುತ್ತೆ. ಸೋರಿಕೆಯ 15% ಸೇರಿಸಿದ್ದೀರೋ ಇಲ್ಲವೋ ನನಗೆ ತಿಳಿಯಲಿಲ್ಲ, ಸೇರಿಸಿದ್ದರೆ ಒಂದು ಸಾಲು ಬರೆದುಬಿಡಿ. ಬೋರ್‌ವೆಲ್‌ಗಳ ಬೇಸಿಗೆ ಇಳುವರಿಯ ಪಟ್ಟಿಯನ್ನು ಮಾತ್ರ ಹಾಗೇ ಬಿಡಿ, ಇಲಾಖೆಯವರು ಮೊದಲು ಕೇಳುವುದು ಅದನ್ನೇ. ಕಾಗುಣಿತದ ಸಣ್ಣಪುಟ್ಟವನ್ನು ಪ್ರತಿಯಲ್ಲಿ ಗುರುತು ಹಾಕಿದ್ದೇನೆ, ಸಮಯ ಇದ್ದರೆ ನೋಡಿ. ನಾಳೆ ಬೆಳಗ್ಗೆ ನಾನು ಖಾಲಿ.’

ಇಡೀ ಮೇಲ್‌ನಲ್ಲಿ ‘ನೀವು ತಪ್ಪು ಮಾಡಿದ್ದೀರಿ’ ಎಂಬ ಮಾತಿಲ್ಲ. ಜರುಗಿದ್ದು ಚುಕ್ಕೆ, ಗಿರೀಶನಲ್ಲ. ಬೋರ್‌ವೆಲ್ ಪಟ್ಟಿಯ ಹೊಗಳಿಕೆ ಬೆನ್ನು ತಟ್ಟಲು ಬರೆದದ್ದು ಅಂದುಕೊಂಡಿದ್ದೆ. ಮೂರ್ತಿಗಳ ಲೆಕ್ಕ ಬೇರೆ. ಮೇಲ್ ಬಂದ ಗಾಬರಿಯಲ್ಲಿ ಹುಡುಗರು ಸರಿಯಿದ್ದದ್ದನ್ನೂ ತಿದ್ದಿ ಹಾಳು ಮಾಡುತ್ತಾರೆ, ಯಾವುದನ್ನು ಮುಟ್ಟಬಾರದು ಅಂತಲೂ ಹೇಳಬೇಕು ಅಂದರು. ಅವರ ನೋಟ್‌ಬುಕ್ಕಿನಲ್ಲಿ ಇನ್ನೂ ಒಂದು ಪುಟ ತುಂಬ ಟಿಪ್ಪಣಿಗಳಿದ್ದವು, ವಾಕ್ಯ ಉದ್ದವಾಯಿತು, ನಕ್ಷೆಯ ಬಣ್ಣ ಚೆನ್ನಾಗಿಲ್ಲ ಅಂತೆಲ್ಲ. ಅವು ತಮ್ಮ ರುಚಿ, ವರದಿಯ ತಪ್ಪಲ್ಲ ಎಂದು ಮಡಚಿಟ್ಟರು. ಮಡಚುವಾಗ ಮುಖ ಕೊಂಚ ಬಾಡಿದ್ದು ನಿಜ. ವರದಿಯ ಕಟ್ಟೇ ಕೆಟ್ಟಿದ್ದರೆ ಅವರು ಮೇಲ್ ಗೋಜಿಗೇ ಹೋಗುವುದಿಲ್ಲ, ‘ಬಾರಪ್ಪ, ಕಾಫಿ ಕುಡಿಯೋಣ’ ಎಂದು ಎದ್ದುಬಿಡುತ್ತಾರೆ. ಪುಟಸಂಖ್ಯೆ ಕೊಟ್ಟು ಹೇಳಲಾಗದ್ದನ್ನು ಬರೆಯಬಾರದಂತೆ.

ಕಳಿಸುವ ಮುನ್ನ ಕೊನೆಯದೊಂದು ಪರೀಕ್ಷೆ. ಈ ಮೇಲ್ ನಾಳೆ ಹೇಗೋ ಡೈರೆಕ್ಟರ ಕೈ ಸೇರಿದರೆ ಹುಡುಗ ತಲೆ ತಗ್ಗಿಸಬೇಕಾಗುತ್ತದೆಯೇ? ಇನ್ನೊಂದು ಸಲ ಓದಿ, ‘ಇಲ್ಲ’ ಎಂದು ತಮಗೆ ತಾವೇ ಹೇಳಿಕೊಂಡು, ಆಗ ‘ಟು’ನಲ್ಲಿ ಹೆಸರು ತುಂಬಿ ಕಳಿಸಿದರು.

ಅರ್ಧ ಗಂಟೆಯಲ್ಲಿ ಗಿರೀಶನ ಉತ್ತರ ಬಂತು. ಮೂರೂ ಕಡೆ ತಿದ್ದಿದ್ದ, ಸೋರಿಕೆ ಸೇರಿಸಲು ಮರೆತಿದ್ದನ್ನು ತಾನೇ ಒಪ್ಪಿ ಸೇರಿಸಿದ್ದ. ಖುಷಿ ತಡೆಯಲಾರದೆ ಮೂರ್ತಿಗಳ ಮೇಲ್ ಸಮೇತ ಇಡೀ ಆಫೀಸಿಗೆ ಸಿಸಿ ಹಾಕಿದ್ದ: ‘ನಾನು ಹತ್ತು ಪಟ್ಟು ನೀರು ಬರೆದಿದ್ದೆ, ಮೂರ್ತಿ ಸರ್ ಉಳಿಸಿದರು!’ ಡೈರೆಕ್ಟರ ಹೆಸರು ಎಲ್ಲರಿಗಿಂತ ಮೊದಲಿತ್ತು. ಮೂರ್ತಿಗಳು ಹಣೆ ಹಿಡಿದುಕೊಂಡರು.

ಎರಡು ನಿಮಿಷಕ್ಕೆ ಸುಬ್ಬಣ್ಣನವರ ಮೇಲ್, ಎಲ್ಲರಿಗೂ: ‘ಇದನ್ನು ನಾನು ಮೊದಲೇ ಗಮನಿಸಿದ್ದೆ.’