ಆಸ್ಪತ್ರೆಗೆ ಹೋದ ಅಪರಾಧಕ್ಕೆ 885 ರೂಪಾಯಿ

ನಾನು ಆಗಸ್ಟ್ 3ಕ್ಕೆ ಆಸ್ಪತ್ರೆ ಸೇರಿದೆ. 5ಕ್ಕೆ ಕಂತು. ಇಲ್ಲೇ ನನ್ನ ತಪ್ಪು. ತಿಳಿವಳಿಕೆಯುಳ್ಳವರು 6ರ ಮೇಲೆ ಕಾಯಿಲೆ ಬೀಳುತ್ತಾರೆ.

ಖಾತೆಯಲ್ಲಿದ್ದ ಹಣವನ್ನು ಆಸ್ಪತ್ರೆಯ ಅಡ್ವಾನ್ಸ್ ನುಂಗಿತ್ತು. ಬ್ಯಾಂಕು ಕೈ ಹಾಕಿದಾಗ ತಳ ಸಿಕ್ಕಿತು. 9,400 ರೂಪಾಯಿಯ ಕಂತು ಬೌನ್ಸ್ ಆಯಿತು. ಡ್ರಿಪ್ ಹಾಕಿಸಿಕೊಂಡು ಮಲಗಿದ್ದಾಗ ಅದೇ ಬ್ಯಾಂಕಿನಿಂದ ಎರಡು ಮೆಸೇಜು. ಒಂದರಲ್ಲಿ ಬೆದರಿಕೆ. ಇನ್ನೊಂದರಲ್ಲಿ ನನಗೆಂದೇ ಮಂಜೂರಾಗಿದ್ದ ಹೊಸ ಸಾಲ. ಎಡಗೈಗೆ ನಾನು ಬಾಕಿದಾರ, ಬಲಗೈಗೆ ಗೌರವಾನ್ವಿತ ಗ್ರಾಹಕ.

14ಕ್ಕೆ ಡಿಸ್ಚಾರ್ಜ್. 17ಕ್ಕೆ ಕಂತು ಕಟ್ಟಿದೆ. ಹನ್ನೆರಡು ದಿನ ತಡ. ತಿಂಗಳು ಕಳೆದು ಸ್ಟೇಟ್‌ಮೆಂಟ್ ತೆಗೆಸಿದರೆ ಬೌನ್ಸ್ ಶುಲ್ಕ 500, ದಂಡ 750, ದಂಡದ ಮೇಲೆ ಜಿಎಸ್‌ಟಿ 135. ದಂಡ, ತೆರಿಗೆ ಸೇರಿ 885 ರೂಪಾಯಿ ಸಾಲದ ಅಸಲಿನ ಜೊತೆ ಸದ್ದಿಲ್ಲದೆ ಕೂತು, ತಾನೂ ಬಡ್ಡಿ ದುಡಿಯತೊಡಗಿತ್ತು.

ಲೇಪಾಕ್ಷಿಯಿಂದ ಬಸ್ ಹತ್ತಿ ಹಿಂದೂಪುರದ ಶಾಖೆಗೆ ಹೋದೆ. 'ಸಿಸ್ಟಮ್ ತೀಸ್ಕುಂದಿ ಸಾರ್' ಅಂದರು. ಸಿಸ್ಟಮ್ ತೆಗೆದುಕೊಂಡಿತಂತೆ. ಹಣ ತೆಗೆದುಕೊಳ್ಳುವಾಗ ಸಿಸ್ಟಮ್, ಸಾಲ ಕೊಡುವಾಗ ಮಾತ್ರ ನಗುಮುಖದ ಮನುಷ್ಯರು.

ಒಂದು ಅರ್ಜಿ ಬರೆದುಕೊಡಿ ಅಂದರು. 'ಆರ್ಥಿಕ ಮುಗ್ಗಟ್ಟಿನಿಂದ ಕಟ್ಟಲಾಗಲಿಲ್ಲ, ದಯಮಾಡಿ ಮನ್ನಾ ಮಾಡಿ' ಎಂದು ಬರೆಯಬೇಕಂತೆ. ನನಗೆ ಮುಗ್ಗಟ್ಟಿಲ್ಲ ಸ್ವಾಮಿ, ಜ್ವರ ಇತ್ತು. ಮುಗ್ಗಟ್ಟು ಅಂತ ಕೈಯಾರೆ ಬರೆದುಕೊಟ್ಟು, ನಾಳೆ ನನ್ನ ಫೈಲಿನಲ್ಲಿ ಅದನ್ನೇ ಓದಿಸಿಕೊಳ್ಳಲೇ?

ಮನೆಗೆ ಬಂದು ಸಾಲದ ಕರಾರು ಪತ್ರ ಹುಡುಕಿದೆ. ಸಹಿ ಹಾಕಿದ ದಿನ ಯಾರೂ ಓದದ, ಓದಲು ಬಿಡದ ಆ ಕಟ್ಟು. ದಂಡದ ಕಲಮು ಸಿಕ್ಕಿತು. ತಡವಾದ ಕಂತಿನ ಮೇಲೆ ವರ್ಷಕ್ಕೆ ಶೇ. 24. ಒಂಬತ್ತು ಸಾವಿರದ ನಾನೂರಕ್ಕೆ ಹನ್ನೆರಡು ದಿನ. ಮೊಮ್ಮಗಳ ಕೈಲಿ ಲೆಕ್ಕ ಮಾಡಿಸಿದೆ. 74 ರೂಪಾಯಿ. ಸಿಸ್ಟಮ್ಮಿಗೆ ಹತ್ತರಷ್ಟಾಗಿ ಕಂಡಿದೆ.

ನಮ್ಮೂರ ವೀರಭದ್ರ ದೇವಸ್ಥಾನ ಕಟ್ಟಿಸಿದ ವಿರೂಪಣ್ಣ ವಿಜಯನಗರದ ಖಜಾನೆ ನೋಡಿಕೊಳ್ಳುತ್ತಿದ್ದವನು. ಲೆಕ್ಕ ತಪ್ಪಿತೆಂಬ ಅಪವಾದ ಬಂದಾಗ ತನ್ನ ಕಣ್ಣು ತಾನೇ ಕಿತ್ತು ಗೋಡೆಗೆ ಎಸೆದನೆಂದು ಕತೆ. ಗೋಡೆಯ ಕೆಂಪು ಕಲೆ ಇವತ್ತಿಗೂ ತೋರಿಸುತ್ತಾರೆ. ಹಿಂದೂಪುರದಲ್ಲಿ ನಾನು ಅಷ್ಟೆಲ್ಲ ಕೇಳಲಿಲ್ಲ. ಕಣ್ಣು ಅಲ್ಲೇ ಇರಲಿ, ಸ್ಟೇಟ್‌ಮೆಂಟಿನ ಮೇಲೆ ಒಂದು ಸಲ ಹಾಯಲಿ ಅಂದೆ, ಅಷ್ಟೆ.

ಪತ್ರ ಬರೆದೆ. ಎರಡು ಭಾಗ ಮಾಡಿದೆ. ಯಾಚನೆ ಬೇರೆ, ಹಕ್ಕು ಬೇರೆ. ಎರಡನ್ನೂ ಒಂದೇ ಪಾತ್ರೆಗೆ ಸುರಿದರೆ ಬ್ಯಾಂಕು ಎರಡಕ್ಕೂ ಒಂದೇ ಉತ್ತರ ಕೊಡುತ್ತದೆ.

ಮೊದಲು ಹಕ್ಕು. ರಿಸರ್ವ್ ಬ್ಯಾಂಕು 2023ರ ಆಗಸ್ಟ್ 18ರಂದೇ ಸುತ್ತೋಲೆ ಹೊರಡಿಸಿದೆ. ದಂಡವನ್ನು ಬಡ್ಡಿಯಾಗಿ ಹಾಕುವಂತಿಲ್ಲ, ಶುಲ್ಕವಾಗಿ ಮಾತ್ರ. ಅದನ್ನು ಅಸಲಿಗೆ ಸೇರಿಸಿ ಮತ್ತೆ ಬಡ್ಡಿ ಎಣಿಸುವಂತಿಲ್ಲ. ಮೊತ್ತ ತಪ್ಪಿಗೆ ತಕ್ಕಂತಿರಬೇಕು, ಕರಾರಿನಲ್ಲಿ ಕಾಣಿಸಿರಬೇಕು. ದಂಡವೆಂಬುದು ಆದಾಯದ ದಾರಿಯಲ್ಲ ಎಂದೂ ಅದರಲ್ಲೇ ಇದೆ. ಬ್ಯಾಂಕಿಗೆ ಇದನ್ನು ಹೇಳಬೇಕಾಗಿ ಬಂದದ್ದೇ ಒಂದು ಜೋಕು. ಇನ್ನು ಜಿಎಸ್‌ಟಿ. ಇಂಥ ದಂಡದ ಮೇಲೆ ತೆರಿಗೆ ಇಲ್ಲವೆಂದು 2025ರ ಜನವರಿ 28ರ ಸುತ್ತೋಲೆಯಲ್ಲಿ ಸರ್ಕಾರವೇ ಸ್ಪಷ್ಟಪಡಿಸಿದೆ. ಸರ್ಕಾರ ಬೇಡವೆಂದ ತೆರಿಗೆಯನ್ನು ಬ್ಯಾಂಕು ಭಕ್ತಿಯಿಂದ ವಸೂಲು ಮಾಡುತ್ತಿತ್ತು. ಹಾಗಾಗಿ 885ರಲ್ಲಿ 811 ನನ್ನದು, ಅದರ ಮೇಲಿನ ಬಡ್ಡಿಯೂ ನನ್ನದು, ವಾಪಸ್ ಕೊಡಿ. ಇಲ್ಲಿ 'ದಯಮಾಡಿ' ಬರೆಯಲಿಲ್ಲ.

ಆಮೇಲೆ ಯಾಚನೆ. ತಡವಾದ ದಿನಗಳ ಮಾಮೂಲು ಬಡ್ಡಿ ಕೊಡುತ್ತೇನೆ, ಅದು ನ್ಯಾಯ. 74 ರೂಪಾಯಿ ದಂಡ, 500 ರೂಪಾಯಿ ಬೌನ್ಸ್ ಶುಲ್ಕ ಬಿಡುವುದು ನಿಮ್ಮ ಮರ್ಜಿ. ಮನ್ನಾ ಕೊಡಲೇಬೇಕೆಂದು ಯಾವ ಕಾನೂನೂ ಹೇಳಿಲ್ಲ. ಸೇರಿದ ದಿನ, ಬಿಟ್ಟ ದಿನ ಇರುವ ಡಿಸ್ಚಾರ್ಜ್ ಸಮರಿ, ಅಡ್ವಾನ್ಸ್ ರಸೀದಿ, ಹಿಂದಿನ ಹನ್ನೆರಡು ತಿಂಗಳು ಕಂತು ತಪ್ಪಿಲ್ಲವೆಂಬ ಸ್ಟೇಟ್‌ಮೆಂಟು ಲಗತ್ತಿಸಿದೆ. ಇಲ್ಲಿ 'ದಯಮಾಡಿ' ಎರಡು ಸಲ ಬರೆದೆ.

ಪತ್ರ ಎರಡು ಪ್ರತಿ. ನನ್ನ ಪ್ರತಿಗೆ ತಾರೀಖಿನ ಸೀಲು ಕೇಳಿದೆ. ಸೀಲು ಊಟಕ್ಕೆ ಹೋಗಿತ್ತು. ಕಾದೆ. ಆ ತಾರೀಖಿನಿಂದಲೇ ಮೂವತ್ತು ದಿನದ ಲೆಕ್ಕ. ಅಷ್ಟರಲ್ಲಿ ಬ್ಯಾಂಕು ಬಾಯಿ ಬಿಡದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಖರ್ಚಿಲ್ಲದೆ cms.rbi.org.in ನಲ್ಲಿ ದೂರು ಕೊಡಬಹುದು. ಪತ್ರದ ಕೊನೆಯ ಸಾಲಿನಲ್ಲಿ ಇದನ್ನು ಬಹಳ ವಿನಯದಿಂದ ನೆನಪಿಸಿದ್ದೆ.

ಇಪ್ಪತ್ತೊಂಬತ್ತನೇ ದಿನ ಉತ್ತರ ಬಂತು. 74 ಮತ್ತು 500 ಮನ್ನಾ ಮಾಡಲು 'ಅವಕಾಶವಿಲ್ಲ'. ಆದರೆ ದೀರ್ಘಕಾಲದ ಗ್ರಾಹಕರೆಂಬ ಕಾರಣಕ್ಕೆ, 'ಬ್ಯಾಂಕಿನ ವಿಶೇಷ ಸದ್ಭಾವನೆಯಿಂದ', 811 ರೂಪಾಯಿಯನ್ನು ಬಡ್ಡಿ ಸಮೇತ ಖಾತೆಗೆ ಜಮಾ ಮಾಡಲಾಗಿದೆಯಂತೆ.

ಬೇಡಿದ್ದನ್ನು ಕೊಡಲಿಲ್ಲ. ನನ್ನದನ್ನೇ ನನಗೆ ದಾನ ಕೊಟ್ಟರು. ಕೆಳಗೆ ಒಂದು ಸಾಲು: ಈ ಸೇವೆ ತೃಪ್ತಿ ತಂದಿದ್ದರೆ ಐದು ಸ್ಟಾರ್ ಕೊಡಿ.