ಕಂತಿನ ಖಾತೆಗೆ ಎಷ್ಟು, ಮನೆಯ ಖಾತೆಗೆ ಎಷ್ಟು

ನಮ್ಮ ಎರಡು ಮನೆಗಳ ನಡುವಿನ ಗೋಡೆ ಎದೆಮಟ್ಟದ್ದು. ಈ ಕಡೆ ನನ್ನ ಕರಿಬೇವಿನ ಗಿಡ, ಆ ಕಡೆ ಅವರ ಬಟ್ಟೆ ಒಣಗಿಸುವ ತಂತಿ. ಭಾನುವಾರ ನಾನು ಗಿಡಕ್ಕೆ ಹುಳಿಮಜ್ಜಿಗೆ ಹಾಕುತ್ತಿದ್ದಾಗ ಪಕ್ಕದ ಮನೆ ಹುಡುಗಿ ಒಂದು ಕಾಗದ ಹಿಡಿದುಕೊಂಡು ಬಂದಳು. ಮದುವೆಯಾಗಿ ನಾಲ್ಕು ವರ್ಷವಾದರೂ ನನಗೆ ಅವಳು ಹುಡುಗಿಯೇ.

"ಆಂಟಿ, ನೀವು ಸಂಬಳದ ಸೆಕ್ಷನ್‌ನಲ್ಲೇ ಇದ್ರಲ್ಲ, ಇದನ್ನೊಂದ್ಸಲ ನೋಡ್ತೀರಾ?"

ಇದ್ದೆ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ 26 ವರ್ಷ ಸಂಬಳದ ಪಟ್ಟಿ ಮಾಡಿದವಳು ನಾನು. ಅವಳ ಕಾಗದದಲ್ಲಿ ಎರಡೇ ಸಾಲು ಇತ್ತು: ನನ್ನ ಸಂಬಳವನ್ನು ಈ ಕೆಳಗಿನ ಎರಡು ಖಾತೆಗಳಿಗೆ ಅರ್ಧರ್ಧ ಹಾಕಬೇಕಾಗಿ ವಿನಂತಿ.

"ಯಾಕೆ ಅರ್ಧರ್ಧ?" ಅಂದೆ.

ಕಥೆ ಹೀಗಿತ್ತು. ಸಂಬಳ ಬರುವುದು ಒಂದು ಬ್ಯಾಂಕಿಗೆ, ಮನೆ ಸಾಲ ತೆಗೆದಿರುವುದು ಇನ್ನೊಂದು ಬ್ಯಾಂಕಿನಲ್ಲಿ. ಕಂತು 19,400 ರೂಪಾಯಿ, ಪ್ರತಿ ತಿಂಗಳು 5ನೇ ತಾರೀಖು ಆ ಎರಡನೇ ಖಾತೆಯಿಂದ ಹೋಗುತ್ತದೆ. ಇವಳೇ ನೆನಪಿಟ್ಟುಕೊಂಡು ಫೋನಿನಲ್ಲಿ ದುಡ್ಡು ಕಳಿಸಬೇಕು. ಒಂದು ತಿಂಗಳು ಊರಿಗೆ ಹೋದ ಗಡಿಬಿಡಿಯಲ್ಲಿ ಮರೆತು ಕಂತು ಬೌನ್ಸ್ ಆಯಿತು. ದಂಡ, ಅದರ ಮೇಲೆ ಜಿಎಸ್‌ಟಿ, ಎಲ್ಲಕ್ಕಿಂತ ಹೆಚ್ಚಾಗಿ ಮನೆಯಲ್ಲಿ ಎರಡು ದಿನ ಮಾತಿಲ್ಲ. ಅದಕ್ಕೇ ಆಫೀಸಿನವರೇ ಸಂಬಳ ಒಡೆದು ಹಾಕಿಬಿಟ್ಟರೆ ನೆಮ್ಮದಿ ಅಂತ ಅವಳ ಲೆಕ್ಕ. ಲೆಕ್ಕದ ದಾರಿ ಸರಿ, ಆದರೆ ಅರ್ಧರ್ಧ ಅನ್ನುವುದು ಸರಿಯಿಲ್ಲ.

"ಕೈಗೆ ಎಷ್ಟು ಬರುತ್ತೆ?"

"46,300."

"ಅರ್ಧ ಅಂದ್ರೆ 23,150. ಕಂತು ಹೋಗಿಯೂ ಮಿಗುತ್ತೆ. ಸರಿ. ಅಮ್ಮನ ಮಂಡಿ ಆಪರೇಷನ್ ಯಾವಾಗ ಅಂದಿದ್ದೆ?"

"ಬರೋ ತಿಂಗಳು. ರಜೆ ಎಲ್ಲ ಮುಗಿದಿದೆ ಆಂಟಿ, ಆರು ದಿನ ಸಂಬಳ ಇಲ್ಲದ ರಜಾನೇ ಹಾಕ್ಬೇಕು."

ಮೂವತ್ತರಲ್ಲಿ ಆರು ದಿನ ಅಂದರೆ ಐದನೇ ಒಂದು ಪಾಲು. ಸಂಬಳ ಹತ್ತಿರ ಹತ್ತಿರ 37,000ಕ್ಕೆ ಇಳಿಯುತ್ತದೆ. ಅದರ ಅರ್ಧ 18,500. ಕಂತು 19,400. ಕೊರತೆ ಒಂಬೈನೂರು ರೂಪಾಯಿ. ಮನೆ ಖಾತೆಯಲ್ಲಿ ಹದಿನೆಂಟು ಸಾವಿರ ಕೂತಿದ್ದರೂ ಈ ಖಾತೆಯಲ್ಲಿ ಒಂಬೈನೂರು ಇಲ್ಲ ಅಂತ ಕಂತು ಮತ್ತೆ ಬೌನ್ಸ್. ನಾನು ಗೋಡೆ ಮೇಲೆ ಬೆರಳಲ್ಲಿ ಬರೆದು ತೋರಿಸಿದಾಗ ಅವಳ ಮುಖ ಸಣ್ಣದಾಯಿತು.

ಸಂಬಳ ಒಡೆಯುವವರು ಸಾಮಾನ್ಯವಾಗಿ ಎಡವುವುದು ಇಲ್ಲೇ. ಒಡೆಯುವುದಕ್ಕೆ ಎರಡು ಬಗೆ ಇದೆ. ಒಂದು, ಇಷ್ಟು ಪರ್ಸೆಂಟ್ ಅನ್ನುವುದು. ಇನ್ನೊಂದು, ಒಂದು ಖಾತೆಗೆ ಗೊತ್ತಾದ ಮೊತ್ತ ಹಾಕಿ ಉಳಿದದ್ದನ್ನು ಇನ್ನೊಂದಕ್ಕೆ ಹಾಕುವುದು. ಪರ್ಸೆಂಟ್ ಹೇಳಿದರೆ ಸಂಬಳ ಇಳಿದಾಗ ಎರಡು ಕಡೆಯೂ ಇಳಿಯುತ್ತದೆ. ಕಂತು ಮಾತ್ರ ಇಳಿಯುವುದಿಲ್ಲ. ಹಾಗಾಗಿ ಅಲುಗಾಡದ ಖರ್ಚು ಯಾವ ಖಾತೆಯಿಂದ ಹೋಗುತ್ತದೋ ಆ ಖಾತೆಗೆ ಅಲುಗಾಡದ ಮೊತ್ತ ಬರೆಸಬೇಕು; ಏರಿಳಿತವೆಲ್ಲ ಮನೆ ಖರ್ಚಿನ ಖಾತೆಗೆ ಬೀಳಲಿ. ತರಕಾರಿಯಲ್ಲಿ ಹಿಡಿತ ಮಾಡಬಹುದು, ಬ್ಯಾಂಕಿನ ಕಂತಿನಲ್ಲಿ ಆಗುವುದಿಲ್ಲ. "20,000 ಕಂತಿನ ಖಾತೆಗೆ, ಉಳಿದದ್ದು ಈಗಿನ ಖಾತೆಗೆ ಅಂತ ಬರಿ. ಬೋನಸ್, ಅರಿಯರ್ಸ್ ಯಾವ ಖಾತೆಗೆ ಅಂತಲೂ ಬರಿ. ಅದನ್ನೆಲ್ಲ ಬೇರೆ ಪಟ್ಟಿಯಲ್ಲಿ ಮಾಡ್ತಾರೆ, ಹೇಳದೇ ಇದ್ರೆ ಪೂರ್ತಿ ಒಂದೇ ಕಡೆ ಹೋಗುತ್ತೆ."

"ಆಫೀಸಲ್ಲಿ ಒಪ್ತಾರಾ?"

ಒಪ್ಪದೆಯೂ ಇರಬಹುದು. ಯಾಕೆ ಅಂತ ಗೊತ್ತಿದ್ದರೆ ಅವಳಿಗೆ ಬೇಜಾರಾಗುವುದಿಲ್ಲ ಅಂತ ಒಳಗಿನ ಕೆಲಸ ಹೇಳಿದೆ. ತಿಂಗಳ ಕೊನೆಗೆ ಲೆಕ್ಕದವರು ಬ್ಯಾಂಕಿಗೆ ಒಂದು ಫೈಲ್ ಕಳಿಸುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಸಾಲು: ನೌಕರರ ನಂಬರು, ಹೆಸರು, ಖಾತೆ ಸಂಖ್ಯೆ, ಐಎಫ್‌ಎಸ್‌ಸಿ, ಮೊತ್ತ. ಫೈಲಿನ ಒಟ್ಟು ಮೊತ್ತ ಸಂಬಳದ ಪಟ್ಟಿಯ ಒಟ್ಟಿಗೆ ಪೈಸೆ ಬಿಡದೆ ತಾಳೆಯಾಗಬೇಕು. ನಾವು ಆ ತಾಳೆ ನೋಡದೆ ಮನೆಗೆ ಹೋಗುತ್ತಿರಲಿಲ್ಲ. ಒಬ್ಬಳಿಗೆ ಎರಡು ಸಾಲು ಬಂದರೆ ಸಾಫ್ಟ್‌ವೇರ್ ಅದಕ್ಕೆ ಒಪ್ಪಬೇಕು, ಇಲ್ಲವಾದರೆ ಪ್ರತಿ ತಿಂಗಳು ಯಾರಾದರೂ ಕೈಯಲ್ಲಿ ಸೇರಿಸಬೇಕು. ಅಮೆರಿಕದಲ್ಲಿ ಸಂಬಳವನ್ನು ಎರಡು ಮೂರು ಖಾತೆಗೆ ಹಂಚಿಸಿಕೊಳ್ಳುವುದು ಮಾಮೂಲಿ. ನಮ್ಮಲ್ಲಿ ಬಹಳ ಕಡೆ ಒಬ್ಬರಿಗೆ ಒಂದೇ ಖಾತೆ. ಖಾತೆ ಬದಲಾಯಿಸಿ ಅಂದರೆ ಮಾಡಿಕೊಡುತ್ತಾರೆ, ಒಡೆಯಿರಿ ಅಂದರೆ ತಲೆ ಕೆರೆದುಕೊಳ್ಳುತ್ತಾರೆ.

"ಆಗಲ್ಲ ಅಂದ್ರೆ ಏನ್ಮಾಡ್ಲಿ?"

"ಸಂಬಳ ಬರೋ ಬ್ಯಾಂಕಿಗೇ ಹೇಳು. ಪ್ರತಿ ತಿಂಗಳು ಇಂಥ ತಾರೀಖು ಇಷ್ಟು ದುಡ್ಡು ಆ ಖಾತೆಗೆ ಕಳಿಸಿ ಅಂತ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಕೊಡಬಹುದು. ನಿನ್ನ ಫೋನಲ್ಲೇ ಆಗುತ್ತೆ."

ಅದರಲ್ಲೂ ಒಂದು ಸೂಕ್ಷ್ಮ ಇದೆ, ತಾರೀಖಿನದು. ಅವಳಿಗೆ ಸಂಬಳ ಸಾಮಾನ್ಯವಾಗಿ 1ಕ್ಕೆ ಬರುತ್ತದೆ, ಒಮ್ಮೊಮ್ಮೆ 3 ಆಗುತ್ತದೆ. 2ನೇ ತಾರೀಖು ಕಳಿಸು ಅಂತ ಬರೆಸಿಟ್ಟು ಸಂಬಳ 3ಕ್ಕೆ ಬಂದರೆ, ಆ ದಿನ ಖಾತೆಯಲ್ಲಿ ದುಡ್ಡಿಲ್ಲದೆ ಆದೇಶ ಬಿದ್ದುಹೋಗುತ್ತದೆ. ಮಾರನೇ ದಿನ ಬ್ಯಾಂಕು ತಾನಾಗಿ ಮತ್ತೆ ಪ್ರಯತ್ನಿಸುತ್ತದೆ ಅಂತ ನಂಬಿ ಕೂರುವಂತಿಲ್ಲ. ಇನ್ನು ಕಾನೂನು. 2019ರ ವೇತನ ಸಂಹಿತೆ ಪ್ರಕಾರ ತಿಂಗಳ ಸಂಬಳ ಮುಂದಿನ ತಿಂಗಳ ಏಳನೇ ದಿನ ಮುಗಿಯುವುದರೊಳಗೆ ಕೊಟ್ಟರೆ ಸಾಕು. ಅಂದರೆ ಆಫೀಸಿನವರು 6ಕ್ಕೆ ಹಾಕಿದರೂ ತಪ್ಪಲ್ಲ, ಇವಳ ಕಂತು ಮಾತ್ರ 5ಕ್ಕೇ ಹೋಗುತ್ತದೆ. ಸಂಬಳ ಒಡೆದರೂ, ಒಡೆಯದಿದ್ದರೂ ಈ ತೊಡಕು ಹಾಗೇ ಇರುತ್ತದೆ. ಸಾಲ ಕೊಟ್ಟ ಬ್ಯಾಂಕಿನಲ್ಲಿ ಕಂತಿನ ತಾರೀಖನ್ನು 10ಕ್ಕೆ ತಳ್ಳಲಾಗುತ್ತದೆಯೇ ಕೇಳು ಅಂದೆ. ಆಗದಿದ್ದರೆ ಒಂದು ಕಂತಿನಷ್ಟು ದುಡ್ಡು ಯಾವಾಗಲೂ ಆ ಖಾತೆಯಲ್ಲೇ ಬಿದ್ದಿರಲಿ. ತಿಂಗಳಿಗೆ 20,000 ಹಾಕಿದರೆ ಆರುನೂರು ಮಿಗುತ್ತದೆ, ಆದರೆ ಅದು ಒಂದು ಕಂತಾಗಲು ಎರಡೂವರೆ ವರ್ಷಕ್ಕೂ ಹೆಚ್ಚು ಬೇಕು. ಅದಕ್ಕೆ ಅವಳು ತಾನೇ ಹೇಳಿದಳು, ಬೋನಸ್ ಈ ಸಲ ಆ ಖಾತೆಗೇ ಹೋಗಲಿ ಅಂತ. ನನಗೆ ಖುಷಿಯಾಯಿತು.

ಆಮೇಲೆ ಕಾಗದದ ಜೊತೆ ಪಿನ್ ಮಾಡಿದ್ದ ಚೆಕ್ ನೋಡಿದೆ. ಎರಡು ಗೆರೆ ಎಳೆದು ಕ್ಯಾನ್ಸಲ್ ಅಂತ ಬರೆದಿದ್ದಳು, ಸಹಿ ಹಾಕಿರಲಿಲ್ಲ, ಅದು ಸರಿ. ಆದರೆ ಚೆಕ್ಕು ಅವಳ ಕಾಲೇಜು ದಿನಗಳದು, ಸಿಂಡಿಕೇಟ್ ಬ್ಯಾಂಕಿನದು. ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. SYNB ಅಂತ ಶುರುವಾಗುವ ಐಎಫ್‌ಎಸ್‌ಸಿ 2021ರ ಜುಲೈನಿಂದ ನಡೆಯುವುದಿಲ್ಲ. ಈಗ CNRB ಅಂತ ಶುರುವಾಗುವುದು ಬೇಕು. ವಿಜಯಾ, ಕಾರ್ಪೊರೇಷನ್, ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, ನಮ್ಮ ಕಡೆ ಮನೆಮನೆಯಲ್ಲೂ ಇಂಥ ಹಳೇ ಪುಸ್ತಕ ಇದೆ. "ಹೊಸ ಚೆಕ್ ಬುಕ್ ತರಿಸು, ಇಲ್ಲ ಪಾಸ್‌ಬುಕ್ಕಿನ ಮೊದಲ ಪುಟ ಹೊಸದಾಗಿ ಪ್ರಿಂಟ್ ಹಾಕಿಸು," ಅಂದೆ. ಐಎಫ್‌ಎಸ್‌ಸಿಯಲ್ಲಿ ಹನ್ನೊಂದು ಅಕ್ಷರ, ಐದನೆಯದು ಯಾವಾಗಲೂ ಸೊನ್ನೆ. ಅದನ್ನು ಇಂಗ್ಲಿಷಿನ ಓ ಅಂತ ಬರೆಯುವವರನ್ನು ಎಷ್ಟು ಜನ ನೋಡಿದ್ದೇನೋ.

ಹೆಸರೂ ಹೊಂದಿರಲಿಲ್ಲ. ಆಫೀಸಿನಲ್ಲಿ ಅವಳ ಹೆಸರಿನ ಮುಂದೆ ಊರಿನ ಇನಿಷಿಯಲ್, ಅಪ್ಪನ ಇನಿಷಿಯಲ್. ಬ್ಯಾಂಕಿನಲ್ಲಿ ಅಪ್ಪನ ಪೂರ್ತಿ ಹೆಸರು ಹಿಂದೆ. ಇಬ್ಬರೂ ಒಬ್ಬಳೇ ಅಂತ ನಮಗೆ ಗೊತ್ತು, ಎಚ್‌ಆರ್‌ನಲ್ಲಿ ಕೂತವರಿಗೆ ಹೇಗೆ ಗೊತ್ತಾಗಬೇಕು? ಅದನ್ನೂ ಕಾಗದದಲ್ಲಿ ಒಂದು ಸಾಲು ಬರೆದು ಆಧಾರ್ ಪ್ರತಿ ಇಡು ಅಂದೆ.

"ಹೆಸರು ತಪ್ಪಿದ್ರೆ ದುಡ್ಡು ವಾಪಸ್ ಬರುತ್ತಲ್ಲ ಆಂಟಿ?"

ಬರುವುದಿಲ್ಲ. ಇದನ್ನು ಹೇಳುವಾಗ ನನಗೆ ಇವತ್ತಿಗೂ ಸಂಕಟ. ನೆಫ್ಟ್‌ನಲ್ಲಿ ದುಡ್ಡು ಜಮಾ ಆಗುವುದು ಖಾತೆ ಸಂಖ್ಯೆ ನೋಡಿ, ಹೆಸರು ನೋಡಿ ಅಲ್ಲ. ಆ ಸಂಖ್ಯೆಯ ಖಾತೆಯೇ ಇಲ್ಲದಿದ್ದರೆ ವಾಪಸ್ ಬರುತ್ತದೆ. ಬೇರೆಯವರ ಖಾತೆಯಾಗಿದ್ದರೆ ಅವರಿಗೆ ಹೋಗಿ ಕೂರುತ್ತದೆ. ನಮ್ಮ ಕಾರ್ಖಾನೆಯಲ್ಲಿ ಒಬ್ಬ ಫಿಟ್ಟರ್ ಖಾತೆ ಬದಲಾಯಿಸಿದಾಗ ಕೊನೆಯ ಎರಡು ಅಂಕಿ ಅದಲುಬದಲಾಗಿ ಟೈಪ್ ಆಗಿತ್ತು. ಟೈಪ್ ಮಾಡಿದವಳು ನಾನೇ. ಸಂಬಳ ಅದೇ ಬ್ರಾಂಚಿನ ಯಾರದೋ ಖಾತೆಗೆ ಹೋಯಿತು. ಆ ಮನುಷ್ಯನನ್ನು ಹುಡುಕಿ, ಒಪ್ಪಿಗೆ ಪತ್ರ ಬರೆಸಿ ದುಡ್ಡು ಹಿಂದಕ್ಕೆ ಬರಲು 22 ದಿನ ಹಿಡಿಯಿತು. ಅಷ್ಟು ದಿನ ಆ ಫಿಟ್ಟರ್ ಮಕ್ಕಳ ಫೀಸಿಗೆ ಕೈಸಾಲ ಮಾಡಿದ. ಅಂದಿನಿಂದ ಒಬ್ಬರು ಅಂಕಿ ಓದಬೇಕು, ಇನ್ನೊಬ್ಬರು ಟಿಕ್ ಹಾಕಬೇಕು ಅಂತ ನಾನು ಪದ್ಧತಿ ಮಾಡಿದೆ. ಈಗ ಸ್ವಲ್ಪ ಅನುಕೂಲ ಇದೆ: 2025ರ ಏಪ್ರಿಲ್‌ನಿಂದ ನೆಫ್ಟ್ ಮಾಡುವ ಮುಂಚೆ ಖಾತೆದಾರರ ಹೆಸರು ನೋಡುವ ಸೌಲಭ್ಯ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಹೇಳಿದೆ. ಒಂದು ರೂಪಾಯಿ ಹಾಕಿ ನೋಡುವ ಆಫೀಸುಗಳೂ ಇವೆ. ನೀನೇ ಹೋಗಿ, ಒಂದು ರೂಪಾಯಿ ಹಾಕಿ ನೋಡಿ ಅಂತ ಕೇಳು ಅಂದೆ.

"ಮೇಲ್ ಕಳಿಸಿದ್ರೆ ಸಾಲದಾ?"

ಖಾತೆ ಬದಲಾಯಿಸಿ ಅಂತ ನೌಕರರ ಹೆಸರಲ್ಲಿ ಕಳ್ಳರು ಮೇಲ್ ಕಳಿಸುವುದುಂಟು. ಅದಕ್ಕೇ ಎಚ್‌ಆರ್‌ನವರು ಫೋನ್ ಮಾಡಿ ನೀವೇನಾ ಅಂತ ಕೇಳಿದರೆ ಸಿಡುಕಬಾರದು. ಮತ್ತೆ ಕಾಗದ ತಲುಪಬೇಕಾದ ದಿನ ಕೇಳಿಟ್ಟುಕೋ ಅಂದೆ. ನಮ್ಮಲ್ಲಿ 20ನೇ ತಾರೀಖು ಪಟ್ಟಿ ಮುಚ್ಚುತ್ತಿದ್ದೆವು. 21ಕ್ಕೆ ಬಂದದ್ದು ಮುಂದಿನ ತಿಂಗಳಿಗೆ. ಅವಳಲ್ಲಿ 18 ಅಂತೆ. ಅವತ್ತು 14.

"ಸಂಬಳ ಒಡೆದ್ರೂ ಈಗಿನ ಸಂಬಳದ ಖಾತೆ ಝೀರೋ ಬ್ಯಾಲೆನ್ಸೇ ಇರುತ್ತೆ ಅಲ್ವಾ?"

ಒಳ್ಳೇ ಪ್ರಶ್ನೆ ಕೇಳಿದಳು. ಸಂಬಳದ ಖಾತೆಗೆ ಆ ಸವಲತ್ತು ಸಿಗುವುದು ಸಂಬಳ ಬೀಳುವವರೆಗೆ. ಕೆಲವು ತಿಂಗಳು, ಬಹಳ ಬ್ಯಾಂಕುಗಳಲ್ಲಿ ಮೂರು ತಿಂಗಳು, ಬೀಳದಿದ್ದರೆ ಅದು ಮಾಮೂಲಿ ಉಳಿತಾಯ ಖಾತೆಯಾಗುತ್ತದೆ. ತಿಂಗಳಿಗೆ ಕನಿಷ್ಠ ಇಷ್ಟು ಸಂಬಳ ಬರಬೇಕು ಅನ್ನುವ ಬ್ಯಾಂಕುಗಳೂ ಇವೆ. 46,300 ಬರುತ್ತಿದ್ದಲ್ಲಿ 26,300 ಬಂದರೆ ಸವಲತ್ತು ಉಳಿಯುತ್ತದೆಯೇ ಅಂತ ಮೊದಲೇ ಕೇಳಬೇಕು. ಇವಳ ಎಲ್‌ಐಸಿ ಕಂತು ಇದೇ ಖಾತೆಯಿಂದ ಹೋಗುತ್ತದೆ, ಅದು ಹಾಗೇ ಇರಲಿ. ಪಿಎಫ್‌ಗೆ ಕೊಟ್ಟ ಖಾತೆಯೂ ಇದೇ. ಆಫೀಸಿನಲ್ಲಿ ಸಂಬಳದ ಖಾತೆ ಬದಲಾದರೂ ಪಿಎಫ್‌ನಲ್ಲಿ ತಾನಾಗಿ ಬದಲಾಗುವುದಿಲ್ಲ, ಹಾಗಾಗಿ ಈ ಖಾತೆ ಮುಚ್ಚುವ ಮಾತೇ ಬೇಡ ಅಂದೆ.

ಅವಳು ಒಳಗೆ ಹೋಗಿ ಹೊಸ ಹಾಳೆ, ಪೆನ್ನು, ಪಾಸ್‌ಬುಕ್ ತಂದಳು. ಗೋಡೆ ಮೇಲೇ ಹಾಳೆ ಇಟ್ಟು ಬರೆದಳು. ಬರೆದಾದ ಮೇಲೆ ಪಾಸ್‌ಬುಕ್ ನನ್ನ ಕೈಗೆ ಕೊಟ್ಟು, ತಾನು ಬರೆದ ಖಾತೆ ಸಂಖ್ಯೆಯನ್ನು ಒಂದೊಂದೇ ಅಂಕಿ ಓದಿದಳು. ನಾನು ಕನ್ನಡಕ ಸರಿಮಾಡಿಕೊಂಡು ಬೆರಳಿಟ್ಟು ನೋಡುತ್ತಾ ಬಂದೆ.

"ಕೊನೇ ನಾಲ್ಕು ಇನ್ನೊಂದ್ಸಲ ಓದು," ಅಂದೆ.

ಓದಿದಳು.